ಮಗ್ಗದ ಕೋಣೆಯ ಮಾಳಿಗೆ ಬಿಚ್ಚಿದ ಬೇಸಿಗೆ

ಆ ಬೇಸಿಗೆಯ ಹೊತ್ತಿಗೆ ನನಗೆ ಮೂವತ್ತನಾಲ್ಕು ವರ್ಷ. ಇಳಕಲ್ಲಿನ ಕನ್ನಡ ಸಾಲೆಯಲ್ಲಿ ಹದಿನೆಂಟು ರೂಪಾಯಿ ಪಗಾರದ ಮಾಸ್ತರ. ನಮ್ಮದು ನೇಕಾರರ ಮನೆತನ. ಅಪ್ಪ ತೀರಿದ ಮೇಲೆ ಅವನ ಮಗ್ಗಕ್ಕೆ ತಮ್ಮ ಕೂತ. ನಾನು ಮುಲ್ಕಿ ಪರೀಕ್ಷೆ ಪಾಸಾಗಿದ್ದರಿಂದ ಸಾಲೆಗೆ ಹೋದೆ. ಮನೆಯಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ, ನನ್ನ ಹೆಂಡತಿ, ನಮ್ಮ ಇಬ್ಬರು ಹೆಣ್ಣುಮಕ್ಕಳು. ತಮ್ಮನ ಹೆಂಡತಿ ಚೊಚ್ಚಲ ಬಸುರಿ. ಹೆರಿಗೆಗೆಂದು ಬಾದಾಮಿಯ ತವರಿಗೆ ಹೋಗಿದ್ದಳು.

ಶಿವರಾತ್ರಿ ಮುಗಿದು ಎಂಟು ದಿನವಾಗಿರಬೇಕು. ನಾನು ಸಾಲೆಯಿಂದ ಬಂದು ಟೊಪ್ಪಿಗೆ ತೆಗೆದಿಡುವಷ್ಟರಲ್ಲಿ ಮಗ್ಗದ ಕೋಣೆಯಲ್ಲಿ ಮಣ್ಣಿನ ಬುಟ್ಟಿ ಬೋರಲು ಹಾಕಿದ ಹಾಗೆ ಸದ್ದಾಯಿತು. ಓಡಿಹೋಗಿ ನೋಡಿದರೆ ತಮ್ಮ ಮಗ್ಗದ ಕುಣಿಯಲ್ಲಿ ಕೂತವನು ಕೂತಂತೆಯೇ ಇದ್ದ. ತಲೆ, ಹೆಗಲು, ಹಾಸಿದ ನೂಲು ಎಲ್ಲದರ ಮೇಲೆ ಮಾಳಿಗೆಯ ಮಣ್ಣು. ಮೇಲೆ ಎರಡು ಜಂತಿ ಮುರಿದು, ಅಂಗೈ ಅಗಲದ ಆಕಾಶ ಕಾಣುತ್ತಿತ್ತು. ಅವನಿಗೆ ಪೆಟ್ಟಾಗಿರಲಿಲ್ಲ. ನೂಲು ಮಾತ್ರ ಹಾಳಾಗಿತ್ತು. ನೂಲು ಕೊಟ್ಟ ವ್ಯಾಪಾರಿ ಆ ಸೀರೆಯ ಮಜೂರಿಯಲ್ಲಿ ಅರ್ಧ ಮುರಿದುಕೊಂಡ. ಅದು ವ್ಯಾಪಾರಿಯ ತಪ್ಪೇನೂ ಅಲ್ಲ.

ಆ ಮಣ್ಣಿನ ಮಾಳಿಗೆ ಸೋರುತ್ತಿದ್ದುದು ಹೊಸದಲ್ಲ. ನಾಲ್ಕು ಮಳೆಗಾಲ ನಾವು ನೀರು ಇಳಿಯದಿರಲೆಂದು ಅದಕ್ಕೆ ಹಾಳಮಣ್ಣು ಹೇರುತ್ತಲೇ ಬಂದಿದ್ದೆವು. ಹೇರಿದಷ್ಟೂ ಭಾರ, ಭಾರವಾದಷ್ಟೂ ತೊಲೆ ಬಾಗುವುದು. ನನಗೆ ಅದು ತಿಳಿಯದ್ದಲ್ಲ. ಆದರೆ ದಿನವೂ ಐವತ್ತು ಮಕ್ಕಳಿಗೆ ಮಗ್ಗಿ ಹೇಳಿಸಿ ಮನೆಗೆ ಬಂದವನಿಗೆ ತಲೆಯೆತ್ತಿ ಮಾಳಿಗೆ ನೋಡುವ ಮನಸ್ಸಾಗುತ್ತಿರಲಿಲ್ಲ.

ಗುಡೂರಿನಿಂದ ಕಲ್ಲು-ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಕರೆಸಿದೆವು. ಅರವತ್ತರ ಮೇಲಿನ ಮುಸಲ್ಮಾನ. ಬಿಳಿ ಗಡ್ಡದ ತುಂಬ ಸುಣ್ಣದ ಪುಡಿ, ಮಾತು ಕಡಿಮೆ. ಕಾಕಾ ಅನ್ನುತ್ತಿದ್ದೆವು. ಏಣಿ ಹತ್ತಿ ಒಂದೊಂದೇ ತೊಲೆಗೆ ಉಳಿಯ ಹಿಡಿಯಿಂದ ಬಡಿದು, ಕಿವಿಗೊಟ್ಟು ಕೇಳಿದರು. ಮೊದಲನೆಯದು ಗಟ್ಟಿ ಸದ್ದು ಮಾಡಿತು. ಉಳಿದ ಮೂರೂ ಒಣಗಿದ ಸೋರೆಕಾಯಿಯಂತೆ ಬೊಳ್ಳೆಂದವು. ಉಳಿ ಒತ್ತಿದರೆ ಬೆರಳುದ್ದ ಒಳಗೆ ಇಳಿಯಿತು. ಒರಲೆ ಹುಳ ತಿಂದು ಸಿಪ್ಪೆ ಮಾತ್ರ ಬಿಟ್ಟಿತ್ತು.

ಕಾಕಾ ಇಳಿದು ಬಂದು ಕಟ್ಟೆಯ ಮೇಲೆ ಕೂತರು. ನಾನು ಹಲಗೆ ಬಳಪ ತಂದೆ. ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮೂರು ಸಾಗುವಾನಿ ತೊಲೆ, ನಲವತ್ತು ಜಂತಿ: ಬಾಗಲಕೋಟೆಯ ಕಟ್ಟಿಗೆ ಅಡ್ಡೆಯಿಂದ ತಂದರೆ ಅರವತ್ತೇಳು ರೂಪಾಯಿ. ಬಂಡಿ ಬಾಡಿಗೆ ಹನ್ನೆರಡು. ಒಂದು ತಿಂಗಳ ಗೌಂಡಿ ಕೆಲಸ, ಇಬ್ಬರು ಆಳು ಸೇರಿ ಮೂವತ್ತೇಳೂವರೆ. ಬಡಿಗನಿಗೆ ಹನ್ನೆರಡು. ಕಲ್ಲು, ಸುಣ್ಣ, ಮಣ್ಣಿಗೆ ಹದಿನಾರು. ಅಷ್ಟಾದ ಮೇಲೆ ಬಾಗಿಲ ಮರೆಯಿಂದ ನನ್ನ ಹೆಂಡತಿ ಕೆಮ್ಮಿದಳು. ಅಡುಗೆಮನೆಗೆ ಒಂದು ಕಿಟಕಿ, ಹೊಗೆ ಹೋಗಲು ಒಂದು ಕಿಂಡಿ. ಮದುವೆಯಾಗಿ ಬಂದ ವರ್ಷದಿಂದ ಅವಳು ಕೇಳಿದ್ದು ಅದೊಂದೇ. ಅದಕ್ಕೆ ಎಂಟು. ಎಲ್ಲ ಸೇರಿ ನೂರೈವತ್ತೆರಡೂವರೆ ಆಯಿತು.

ನಾನು ಕೆಳಗೆ ಗೆರೆ ಎಳೆದೆ. ಕಾಕಾ ತಲೆಯಾಡಿಸಿದರು.

"ಗೆರಿ ಈಗ ಎಳೀಬ್ಯಾಡ್ರಿ ಮಾಸ್ತರ್ರ. ಹೊಸಾ ಮನಿ ಆದ್ರ ಇಷ್ಟ ಆಕ್ಕೈತಿ ಅಂತ ಹೇಳಬಹುದು. ಹಳೀ ಮನಿ ಹಂಗಲ್ಲ. ಬಿಚ್ಚೂತನಕಾ ಒಳಗ ಏನೈತಿ ಅನ್ನೂದು ನನಗೂ ಗೊತ್ತಿಲ್ಲ, ಕಟ್ಟಿದಾವ ಎದ್ದು ಬಂದ್ರ ಅವಗೂ ಗೊತ್ತಿಲ್ಲ. ಹತ್ತು ರೂಪಾಯಿ ಕೆಲಸಕ್ಕ ಎರಡು ರೂಪಾಯಿ ಬ್ಯಾರೆ ಗಂಟು ಕಟ್ಟಿ ಇಡ್ರಿ."

"ಎದಕ್ಕ ಅಂತ ಬರೀಲಿ ಕಾಕಾ?"

"ಎದಕ್ಕೂ ಅಂತ ಬರೀಬ್ಯಾಡ್ರಿ. ಹೆಸರು ಇಟ್ರ ಅದು ಖರ್ಚಾಗಿಬಿಡ್ತೈತಿ. ನನ್ನ ಕೈಯಾಗೂ ಕೊಡಬ್ಯಾಡ್ರಿ. ಕೆಲಸ ಮುಗದ ಮ್ಯಾಲೆ ಉಳದ್ರ ನಿಮ್ಮದು."

ಅವರು ಎದ್ದು ಹೋದ ಮೇಲೆ ತಮ್ಮ ನಕ್ಕ. "ಗೌಂಡಿ ಮಂದಿ ಎಲ್ಲಾರೂ ಹಿಂಗ ಅಂತಾರ. ಅಣ್ಣಾ, ನಿನ್ನ ಪೋಸ್ಟಿನ ಪುಸ್ತಕದಾಗ ನೂರಾ ಎಂಬತ್ತು ಐತಿ. ನೂರಾ ಐವತ್ತೆರಡೂವರಿ ತಗದು ಬಡಿಯೂಣು. ಸಾಲಾ ಇಲ್ಲ, ಸೋಲಾ ಇಲ್ಲ. ಇಪ್ಪತ್ತೇಳೂವರಿ ಉಳೀತೈತಿ."

ನನಗೂ ಅದೇ ಸರಿ ಅನ್ನಿಸಿತು. ಆ ನೂರಾ ಎಂಬತ್ತು ಎಂಟು ವರ್ಷದ ಗಳಿಕೆ. ಕೆಲವು ತಿಂಗಳು ಎರಡು, ಕೆಲವು ತಿಂಗಳು ಒಂದು, ಮಗಳ ಜ್ವರ ಬಂದ ವರ್ಷ ಏನೂ ಇಲ್ಲ. ಅದನ್ನು ತೆಗೆದುಬಿಟ್ಟರೆ ಯಾರ ಮುಂದೂ ನಿಲ್ಲಬೇಕಿಲ್ಲ, ಯಾರಿಗೂ ಅರ್ಜಿ ಬರೆಯಬೇಕಿಲ್ಲ. ದಣಿದವನಿಗೆ ಹತ್ತಿರದ ದಾರಿಯೇ ಸರಿಯಾದ ದಾರಿಯಾಗಿ ಕಾಣುತ್ತದೆ.

ಅವ್ವನೂ ಹಾಗೇ ಅಂದಳು. "ಸಾಲಾ ಮಾಡಿ ಮಾಳಗಿ ಹಾಕಿದ್ರ ಮಳಿ ಬಂದಾಗೊಮ್ಮಿ ಸಾಲಾನ ನೆನಪಾಕ್ಕೈತಿ."

ಮರುದಿನ ಮಧ್ಯಾಹ್ನ ನಾನು ಊಟ ಮಾಡಿ ಕೈ ತೊಳೆದ ಮೇಲೆ, ಹೆಂಡತಿ ಒಂದು ಮೊರದಲ್ಲಿ ಹುಣಸೆ ಬೀಜ ತಂದು ನನ್ನ ಮುಂದಿಟ್ಟಳು. ಅವಳಿಗೆ ಓದು ಬರಹ ಬಾರದು. ಲೆಕ್ಕ ಮಾತ್ರ ನನಗಿಂತ ಚೆನ್ನಾಗಿತ್ತು. ಹತ್ತು ರೂಪಾಯಿಗೆ ಒಂದು ಬೀಜ. ಹದಿನೆಂಟು ಬೀಜ ಸಾಲಾಗಿ ಇಟ್ಟಳು.

"ಇದು ನಮ್ಮ ಗಳಿಕಿ. ಹೌದಲ್ರಿ? ಮನಿ ನಡಸಾಕ ತಿಂಗಳಿಗೆ ಎಷ್ಟ ಬೇಕಂತ ನಿಮಗ ಗೊತ್ತೈತೇನ?"

ಹದಿನೆಂಟು ಎಂದೆ.

"ಇಪ್ಪತ್ತೆರಡು. ಜ್ವಾಳ, ಎಣ್ಣಿ, ಕಟಗಿ, ಅರಬಿ, ಎಲ್ಲಾ ಸೇರಿ. ನಿಮ್ಮ ಪಗಾರ, ಮೈದುನರ ಮಜೂರಿ ಒಂಬತ್ತು, ಕೂಡಿ ಇಪ್ಪತ್ತೇಳು ಬರ್ತೈತಿ. ಐದು ಉಳೀತೈತಿ, ಉಳದ ತಿಂಗಳಾ. ಈಗ ನಾಳೆ ನಿಮಗ ಜಡ್ಡು ಬಂತು, ಇಲ್ಲಾ ಬಾದಾಮಿಗೆ ಹ್ವಾದಾಕಿಗೆ ಏನರೆ ಆತು ಅಂದ್ರ, ಮೂರು ತಿಂಗಳ ಕೂಳಾದ್ರೂ ಮನ್ಯಾಗ ಇರಬೇಕಲ್ರಿ?" ಆರೂವರೆ ಬೀಜದಷ್ಟು, ಅಂದರೆ ಒಂದನ್ನು ಹಲ್ಲಿನಿಂದ ಒಡೆದು, ಪಕ್ಕಕ್ಕೆ ಸರಿಸಿದಳು. "ಇದನ್ನ ಮುಟ್ಟೂದ ಬ್ಯಾಡ. ಕಾಕಾ ಹೇಳಿದ ಗಂಟು ಬ್ಯಾರೆ. ಅದನ್ನೂ ತಗೀರಿ." ಮತ್ತೆ ಮೂರು ಬೀಜ, ಒಂದು ಚೂರು. ಉಳಿದದ್ದು ಎಂಟು.

ಆಮೇಲೆ ನಾವು ಮೂವರೂ ಮರೆತದ್ದನ್ನು ಅವಳು ಹೇಳಿದಳು. "ಮಾಳಗಿ ಬಿಚ್ಚಿದ್ರ ಮಗ್ಗ ನಿಲ್ತೈತಿ. ಒಂದೂವರಿ ತಿಂಗಳಾ. ಆ ಹದಿಮೂರೂವರಿ ರೂಪಾಯಿ ಯಾರು ಬರದ್ರಿ?"

ನಾನು ಹಲಗೆ ತಂದು ಬರೆದೆ. ಕೆಲಸ, ನಿಂತ ಮಗ್ಗ ಸೇರಿ ನೂರರವತ್ತಾರು. ಅದರ ಐದನೆಯ ಪಾಲು ಗಂಟು, ಮೂವತ್ತಮೂರು. ಒಟ್ಟು ಒಂದು ಕಡಿಮೆ ಇನ್ನೂರು. ಕೂಳಿನ ಅರವತ್ತಾರು, ಗಂಟಿನ ಮೂವತ್ತಮೂರು ಬಿಟ್ಟರೆ ಗಳಿಕೆಯಿಂದ ತೆಗೆಯಬಹುದಾದದ್ದು ಎಂಬತ್ತೊಂದು. ನೂರರವತ್ತಾರಕ್ಕೆ ಕಡಿಮೆ ಬಿದ್ದ ಎಂಬತ್ತೈದು ಸಾಲ ಆಗಲೇಬೇಕು.

"ಗಂಟಿನ ದುಡ್ಡನ್ನೂ ಸಾಲದಾಗ ತಗೊಂಡ್ರ?" ಎಂದು ಕೇಳಿದೆ. ಮಾಸ್ತರನಾದ ನಾನೇ ವಿದ್ಯಾರ್ಥಿಯಾಗಿದ್ದೆ.

"ಸುಮ್ನ ಕುಂದ್ರೂ ದುಡ್ಡಿಗೆ ಬಡ್ಡಿ ಯಾಕ ಕೊಡಬೇಕ್ರಿ? ಅದು ನಮ್ಮದ ಇರಲಿ, ಪೋಸ್ಟಿನ್ಯಾಗ ಇರಲಿ."

ಸಾಲಕ್ಕೆ ಎರಡು ಬಾಗಿಲಿದ್ದವು. ಒಬ್ಬ ಸಾಹುಕಾರ ಆ ದಿನವೇ ಎಣಿಸಿ ಕೊಡಲು ತಯಾರಿದ್ದ. ಕಾಯಿಪಲ್ಲೆ ಕೊಂಡಷ್ಟು ಸರಳವಾಗಿ ಮಾತಾಡಿದ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಮನೆಯ ಕಾಗದ ಅವನ ಪೆಟ್ಟಿಗೆಯಲ್ಲಿ. ಇನ್ನೊಂದು, ಊರಲ್ಲಿ ಹೊಸದಾಗಿ ಆರಂಭವಾಗಿದ್ದ ಸಹಕಾರಿ ಸಂಘ. ಅಲ್ಲಿ ನೂರಕ್ಕೆ ತಿಂಗಳಿಗೆ ಹನ್ನೆರಡೂವರೆ ಆಣೆ. ಕಾಗದ ಬೇಡ, ಇಬ್ಬರು ಸಭಾಸದರ ಜಾಮೀನು ಬೇಕು, ಪಂಚರು ಕೂಡಿ ಮಂಜೂರು ಮಾಡಬೇಕು. ಎರಡು ವರ್ಷದಲ್ಲಿ ಕಂತಿನ ಮೇಲೆ ತೀರಿಸಿದರೆ ಸಾಹುಕಾರನಿಗೆ ಬಡ್ಡಿ ಇಪ್ಪತ್ತೊಂದರ ಮೇಲೆ. ಸಂಘಕ್ಕೆ ಎಂಟು ರೂಪಾಯಿ ಚಿಲ್ಲರೆ. ಪೋಸ್ಟಿನಲ್ಲಿಟ್ಟ ದುಡ್ಡಿಗೆ ಅವರು ನಮಗೆ ಕೊಡುವುದು ನೂರಕ್ಕೆ ವರ್ಷಕ್ಕೆ ಮೂರು. ಅಂದರೆ ಸಂಘದ ಸಾಲವೂ ನಮಗೆ ನಷ್ಟವೇ. ಆ ನಷ್ಟ ಕೊಟ್ಟು ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಳ್ಳುವುದು, ಅಷ್ಟೇ. ಕಂತು ಮೊದಲ ತಿಂಗಳು ನಾಲ್ಕು ರೂಪಾಯಿ ಮೂರು ಆಣೆಯ ಸುಮಾರು, ಆಮೇಲೆ ಇಳಿಯುತ್ತ ಹೋಗುವುದು. ತಿಂಗಳಿಗೆ ಉಳಿಯುವುದು ಐದು. ಅದಕ್ಕಿಂತ ದೊಡ್ಡ ಸಾಲ ನಾವು ಹೊರಲಾರೆವು ಎನ್ನುವುದು ಆಗಲೇ ಗೊತ್ತಾಗಿತ್ತು.

ಸಂಘದ ಕೆಲಸ ನಡೆಯುತ್ತಿದ್ದುದು ಒಂದು ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿಯ ಯಜಮಾನನೇ ಕಾರ್ಯದರ್ಶಿ, ಹಣೆತುಂಬ ವಿಭೂತಿ ಹಚ್ಚಿದ ನಿಧಾನದ ಮನುಷ್ಯ. ನಾನು ಅಲ್ಲಿಗೆ ಮೂರು ಸಲ ಹೋದೆ. ಮೊದಲ ಸಲ ಪಂಚರು ಕೂಡಿರಲಿಲ್ಲ. ಎರಡನೆಯ ಸಲ ಜಾಮೀನು ಒಂದೇ ಇತ್ತು. ನಮ್ಮ ಹೆಡ್ ಮಾಸ್ತರರು ಒಪ್ಪಿದ್ದರು, ಇನ್ನೊಬ್ಬ ನೇಕಾರ ಕೊನೆಯ ಗಳಿಗೆಯಲ್ಲಿ ಹೆಂಡತಿ ಬೇಡವೆಂದಳೆಂದು ಹಿಂದೆ ಸರಿದಿದ್ದ. ಮೂರನೆಯ ಸಲ ಅವನ ಹೆಂಡತಿಯನ್ನು ಅವ್ವ ಹೋಗಿ ಮಾತಾಡಿಸಿ ಬಂದಿದ್ದಳು, ಅವನೂ ಜಾಮೀನು ನಿಂತ.

ಪಂಚರಲ್ಲೊಬ್ಬರು ಕೇಳಿದರು: "ಮಾಸ್ತರ್ರ, ನಾವು ಬೀಜಕ್ಕ ಕೊಡ್ತೀವಿ, ಎತ್ತಿಗೆ ಕೊಡ್ತೀವಿ, ನೂಲಿಗೆ ಕೊಡ್ತೀವಿ. ಮಾಳಗಿ ಏನ ದುಡದ ಕೊಡ್ತೈತ್ರಿ?"

"ಮಾಳಗಿ ಕೆಳಗ ಮಗ್ಗ ಐತ್ರಿ," ಎಂದೆ. "ಮಾಳಗಿ ಬಿದ್ರ ತಿಂಗಳಿಗೆ ಒಂಬತ್ತು ರೂಪಾಯಿ ಬೀಳ್ತೈತಿ."

ಕಾರ್ಯದರ್ಶಿ ನನ್ನ ಖರ್ಚಿನ ಯಾದಿ ಓದಿದರು. ಗಂಟಿನ ಸಾಲಿಗೆ ಬಂದಾಗ ಬೆರಳು ನಿಂತಿತು. "ಇದೇನ್ರಿ, ಹೆಸರಿಲ್ಲದ ಮೂವತ್ತಮೂರು?" ನಾನು ಗೌಂಡಿ ಹೇಳಿದ್ದನ್ನು ಹೇಳಿದೆ. ಅದು ಸಾಲದಲ್ಲಿಲ್ಲ, ನನ್ನ ಪೋಸ್ಟಿನ ಪುಸ್ತಕದಲ್ಲಿದೆ ಎಂದೂ ಹೇಳಿದೆ. ಅವರು ಪಂಚರ ಮುಖ ನೋಡಿ, "ಈ ಯಾದಿ ಮಾಡಿದಾವ ಸಾಲಾ ತೀರಸ್ತಾನ" ಅಂದು ಅಂಕಿತ ಹಾಕಿದರು. ಯಾದಿ ಮಾಡಿದವಳ ಹೆಸರು ನಾನು ಅಲ್ಲಿ ಹೇಳಲಿಲ್ಲ. ಆ ಕಾಲದಲ್ಲಿ ಹೇಳುವ ರೂಢಿ ಇರಲಿಲ್ಲ ಎನ್ನುವುದು ನೆಪ. ಹೊಗಳಿಕೆ ನನಗೇ ಇರಲಿ ಅನ್ನಿಸಿತ್ತು.

ಯುಗಾದಿ ದಾಟಿದ ಮೇಲೆ ತಮ್ಮ ಬಾಗಲಕೋಟೆಗೆ ಬಂಡಿ ಕಟ್ಟಿಕೊಂಡು ಹೋಗಿ ಕಟ್ಟಿಗೆ ತಂದ. ರೈಲಿನಲ್ಲಿ ಆಗಷ್ಟೇ ಮಾಲು ಇಳಿದಿತ್ತಂತೆ; ಚೌಕಾಸಿ ಮಾಡಿ ಐದು ರೂಪಾಯಿ ಉಳಿಸಿಕೊಂಡು ಬಂದ. ನಾವು ಮಗ್ಗ ಬಿಚ್ಚಿ ಪಡಸಾಲೆಯ ಮೂಲೆಯಲ್ಲಿ ಒರಗಿಸಿದೆವು. ಮಾಳಿಗೆಯ ಮಣ್ಣು ಇಳಿಸುವುದಕ್ಕೇ ಐದು ದಿನ ಹಿಡಿಯಿತು. ಅಷ್ಟು ಮಣ್ಣನ್ನು ತಲೆಯ ಮೇಲಿಟ್ಟುಕೊಂಡು ನಾವು ಉಂಡು ಮಲಗಿದ್ದೆವೆಂಬುದು ಅದನ್ನು ಬೀದಿಯಲ್ಲಿ ಗುಡ್ಡೆ ಹಾಕಿದಾಗಲೇ ತಿಳಿದದ್ದು.

ಸಾಲೆಗೆ ಬೇಸಿಗೆಯ ಸೂಟಿ ಬಿಟ್ಟಿತ್ತು. ನಾನು ಸೂಟಿಯಲ್ಲಿ ಮಲಗಬೇಕೆಂದುಕೊಂಡವನು ದಿನವೂ ಆಳುಗಳ ಜೊತೆ ಬುಟ್ಟಿ ಹೊತ್ತೆ. ಮನೆಯೊಳಗೆಲ್ಲ ಧೂಳು. ರೊಟ್ಟಿ ಕಡಿದರೆ ಹಲ್ಲಿಗೆ ಮರಳು. ಮಕ್ಕಳ ಕಣ್ಣು ಕೆಂಪಗಾಗಿದ್ದವು. ಹೆಂಡತಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬಿಸಿಲಲ್ಲಿ ಅಡುಗೆ ಮಾಡುತ್ತಿದ್ದಳು. ಅವ್ವ ಮಾತ್ರ ಒಂದು ಕಂಬಕ್ಕೆ ಒರಗಿ, ಮಗ್ಗವಿಲ್ಲದಿದ್ದರೂ ಕಂಡಿಕೆಗೆ ನೂಲು ಸುತ್ತುತ್ತಲೇ ಇದ್ದಳು. ಕೈ ಸುಮ್ಮನಿದ್ದರೆ ನೋಯುತ್ತದೆ ಅನ್ನುತ್ತಿದ್ದಳು.

ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಎರಡು ತೊಲೆ ಕೂತವು. ಗಂಟಿನಿಂದ ಒಂದು ಕಾಸೂ ಹೋಗಿರಲಿಲ್ಲ. ಆಗ ತಮ್ಮ ಒಂದು ಮುಂಜಾನೆ ನನ್ನ ಪಕ್ಕಕ್ಕೆ ಬಂದು ಕೂತ.

"ಅಣ್ಣಾ, ಮಗ್ಗದ ಖೋಲಿ ನೆಲಕ್ಕ ಫರಸಿ ಕಲ್ಲು ಹಾಕಿಸೂಣು. ಬಾಗಲಕೋಟಿ ಕಡಿಂದ ಬಂಡಿ ಬಂದಾವು, ಹದಿನೇಳಕ್ಕ ಕೊಡ್ತಾರ. ನೆಲಕ್ಕ ಥಂಡಿ ಹಿಡದು ನೂಲು ಹರೀತೈತಿ ಪ್ರತಿ ಮಳಿಗಾಲಾ. ಐದು ನಾ ಉಳಿಸೇನಿ. ಹನ್ನೆರಡು ಆ ಗಂಟಿನ್ಯಾಗಿಂದ ಕೊಡು. ಏನೂ ಆಗಲಿಲ್ಲಲ್ಲ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವನ ಮೊಳಕಾಲು ಇಪ್ಪತ್ತೇಳನೆಯ ವಯಸ್ಸಿಗೇ ಹಿಡಿದುಕೊಳ್ಳುತ್ತಿದ್ದವು. ಮತ್ತೆ, ನನಗೂ ಆ ನುಣುಪಾದ ಕಲ್ಲು ಕಣ್ಣಿಗೆ ಬಿದ್ದಿತ್ತು. ಮಾಸ್ತರನ ಮನೆಯಲ್ಲಿ ಫರಸಿ ನೆಲ ಎಂದು ಊರವರು ಅನ್ನುವುದೂ ಕಿವಿಗೆ ಕೇಳಿಸಿದಂತಾಗಿತ್ತು. ಬೇಡ ಎಂದು ವಾದ ಮಾಡುವ ತ್ರಾಣವೂ ಇರಲಿಲ್ಲ. ಹೆಂಡತಿಯನ್ನು ಕೇಳದೆಯೇ ಪೋಸ್ಟಿಗೆ ಹೋಗಿ ಹನ್ನೆರಡು ರೂಪಾಯಿ ತೆಗೆದುಕೊಟ್ಟೆ.

ಫರಸಿಯ ಬಂಡಿ ಬಾಗಿಲಿಗೆ ಬಂದಾಗ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದಳು. ಒಳಗೆ ಹೋದಳು. ಕಾಕಾ ಮಾತ್ರ ಕಲ್ಲಿನ ಮೇಲೆ ಕೈಯಾಡಿಸಿ, "ಕಲ್ಲು ಚಲೋ ಐತಿ. ಆದ್ರ ಮೂರನೇ ತೊಲಿ ಇನ್ನೂ ಕುಂತಿಲ್ಲರಿ ಮಾಸ್ತರ್ರ" ಅಂದರು.

ಮೂರನೆಯ ತೊಲೆಗೆ ಆಧಾರವಾದ ನಡುಗಂಬವನ್ನು ಎತ್ತಿ, ಅದರ ಬುಡದ ಕಲ್ಲು ಸರಿಪಡಿಸಬೇಕಾಗಿತ್ತು. ನಾಲ್ಕು ದಿನದ ಮೇಲೆ ಆ ಕೆಲಸಕ್ಕೆ ಕೈ ಹಚ್ಚಿದರು. ಕಲ್ಲು ಸರಿಸಿ ಹಾರೆ ಇಳಿಸಿದ ಆಳು ಒಮ್ಮೆಗೇ ಕೂಗಿದ. ಹಾರೆ ಅವನ ಕೈಯಿಂದ ಜಾರಿ ನೆಲದೊಳಗೆ ಹೋಗಿಬಿಟ್ಟಿತ್ತು. ಕೆಳಗೆಲ್ಲೋ ಠಣ್ ಎಂದ ಸದ್ದು. ಕಾಕಾ ಎಲ್ಲರನ್ನೂ ಹೊರಗೆ ಅಟ್ಟಿದರು. ನಾವು ಅಂಗಳ ಮುಟ್ಟುವಷ್ಟರಲ್ಲಿ ಕೋಣೆಯ ನಡುವೆ ನೆಲ ಕುಸಿದು ಬಾವಿಯಂಥ ಗುಂಡಿ ಬಿತ್ತು. ಒಳಗಿನಿಂದ ಮುಗ್ಗಿದ ಜೋಳದ ವಾಸನೆ ಬಂತು. ನಡುಗೋಡೆಯಲ್ಲಿ ಮೇಲಿಂದ ಕೆಳತನಕ ಬಿರುಕು ಮೂಡಿತು.

ಹಗೇವು. ಜೋಳ ತುಂಬಿಡಲು ಹಿಂದಿನವರು ನೆಲದಲ್ಲಿ ತೋಡಿದ ಕಣಜ. ಎಷ್ಟೋ ತಲೆಮಾರಿನ ಹಿಂದೆ ಯಾರೋ ಅದನ್ನು ತುಂಬದೆ, ಬರೀ ಬಾಯಿ ಮುಚ್ಚಿ, ಮೇಲೆ ಕೋಣೆ ಕಟ್ಟಿದ್ದರು.

"ನಮ್ಮತ್ತಿ ಒಮ್ಮಿ ಅಂದಿದ್ಲು," ಎಂದಳು ಅವ್ವ, ಕಂಡಿಕೆ ಕೈಯಲ್ಲೇ ಹಿಡಿದು. "ಈ ಮನ್ಯಾಗ ಒಂದು ಹಗೇವು ಇತ್ತು ಅಂತ. ಎಲ್ಲಿ ಅಂತ ನಾ ಕೇಳಲಿಲ್ಲ."

ಅವಳ ಮೇಲೆ ಸಿಟ್ಟು ಮಾಡಲೂ ಯಾರಿಗೂ ಶಕ್ತಿ ಇರಲಿಲ್ಲ.

ಕಾಕಾ ಹಗ್ಗ ಇಳಿಸಿ ಆಳ ಅಳೆದರು. ಹಗೇವಿನ ಹೊಟ್ಟೆ ತುಂಬಲು ಆರು ಬಂಡಿ ಕಲ್ಲು, ಸುಣ್ಣದ ಗಚ್ಚು, ಮೇಲೆ ಬಿರುಕುಬಿಟ್ಟ ಗೋಡೆ ಬಿಚ್ಚಿ ಕಟ್ಟುವುದು. ಎರಡು ವಾರ ಹೆಚ್ಚಿನ ಕೆಲಸ, ಎರಡು ವಾರ ಹೆಚ್ಚು ಮಗ್ಗ ನಿಲ್ಲುವುದು. ನಾನೇ ಬರೆದು ಕೂಡಿಸಿದೆ. ಮೂವತ್ತೆಂಟು. ಗಂಟಿನಲ್ಲಿ ಉಳಿದದ್ದು ಇಪ್ಪತ್ತೊಂದು. ಹದಿನೇಳು ಕಡಿಮೆ. ಫರಸಿಯ ಕಲ್ಲುಗಳು ಇನ್ನೂ ಹಾಸದೆ ಗೋಡೆಗೆ ಒರಗಿ ನಿಂತಿದ್ದವು.

ಎಲ್ಲ ಮೂವತ್ತಮೂರು ಇದ್ದಿದ್ದರೂ ಐದು ಕಡಿಮೆಯೇ ಬೀಳುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ವಾದ ಮಾಡಿಕೊಂಡೆ. ತಮ್ಮ ಉಳಿಸಿದ ಐದು ಸೇರಿಸಿದರೆ ಸರಿಯಾಗಿ ಮೂವತ್ತೆಂಟು. ಆ ಲೆಕ್ಕವೂ ನನಗೆ ಬರುತ್ತಿತ್ತು. ಹಾಗಾಗಿ ವಾದ ಅಲ್ಲಿಗೇ ನಿಂತಿತು.

ತಮ್ಮ ಅಂದ: "ಆ ಮೂರು ತಿಂಗಳ ಕೂಳಿಂದು ಐತೆಲ್ಲ, ಅರವತ್ತಾರು. ಅದರಾಗ ಹದಿನೇಳು ತಗದ್ರಾತು."

ನಾನು ಹೂಂ ಅನ್ನುವವನಿದ್ದೆ. ಅದೇ ಹೊತ್ತಿಗೆ ಬಾದಾಮಿಯಿಂದ ಆಳು ಬಂದ. ತಮ್ಮನ ಹೆಂಡತಿ ಹೆಣ್ಣುಮಗು ಹೆತ್ತು ನಾಲ್ಕು ದಿನವಾಗಿತ್ತು. ಮಗು ಚೆನ್ನಾಗಿದೆ, ತಾಯಿಗೆ ಜ್ವರ ಇಳಿಯುತ್ತಿಲ್ಲ, ಮಾತು ತಪ್ಪುತ್ತಿದೆ. ರೈಲಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಒಯ್ಯಬೇಕೆಂದು ಸೂಲಗಿತ್ತಿ ಹೇಳಿದ್ದಾಳೆ. ಬೀಗರ ಕೈಯಲ್ಲಿ ದುಡ್ಡಿಲ್ಲ.

ತಮ್ಮ ಫರಸಿಯ ಕಲ್ಲುಗಳ ಅಂಚಿನ ಮೇಲೆಯೇ ಕೂತುಬಿಟ್ಟ. ನನ್ನ ಹೆಂಡತಿ ಪುಸ್ತಕ ತಂದು ನನ್ನ ಕೈಗಿಟ್ಟಳು. "ಮೂವತ್ತು ತಗೀರಿ. ಈಗ ಹೋಗ್ರಿ, ಪೋಸ್ಟು ಮುಚ್ಚೂ ಹೊತ್ತಾತು." ತಮ್ಮನ ಕಡೆ ತಿರುಗಿ, "ಎದ್ದೇಳ್ರಿ, ರೊಟ್ಟಿ ಕಟ್ಟೇನಿ" ಅಂದಳು.

ಅವನು ಹೋದ ಮೇಲೆ ಉಳಿದದ್ದು ಮೂವತ್ತಾರು. ಅಲ್ಲಿ ಇನ್ನೆಷ್ಟು ಬೇಕಾದೀತೋ ಯಾರಿಗೆ ಗೊತ್ತು. ಅದನ್ನು ಕಲ್ಲಿಗೆ, ಸುಣ್ಣಕ್ಕೆ ಮುಟ್ಟುವ ಮಾತು ಯಾರೂ ಎತ್ತಲಿಲ್ಲ. ಸಂಘದ ಪಂಚರು ಕೂಡುವುದು ಇನ್ನೊಂದು ತಿಂಗಳಿಗೆ. ಮೃಗಶಿರ ಮಳೆ ಇಪ್ಪತ್ತು ದಿನದಲ್ಲಿತ್ತು. ಸಾಹುಕಾರನ ಅಂಗಡಿ ತೆರೆದೇ ಇತ್ತು. ನಾನು ಅವನ ಓಣಿಯ ತನಕ ಹೋಗಿ, ಬೇವಿನ ಕಟ್ಟೆಯ ಮೇಲೆ ಕೂತು, ತಿರುಗಿ ಬಂದೆ. ಸಂಘದ ಕಂತು ಕಟ್ಟಿದ ಮೇಲೆ ತಿಂಗಳಿಗೆ ನಮಗೆ ಉಳಿಯುತ್ತಿದ್ದುದು ಹದಿಮೂರು ಆಣೆ. ಎರಡನೆಯ ಸಾಲ ಎಲ್ಲಿಂದ ತೀರಬೇಕು?

ಕಾಕಾರ ಜೊತೆ ಕೂತು ಯಾದಿಯನ್ನು ಮತ್ತೆ ನೋಡಿದೆವು. ತೊಲೆ ಬಿಡುವಂತಿಲ್ಲ. ಹಗೇವು ತುಂಬದೆ ಕಂಬ ನಿಲ್ಲದು. ಗೋಡೆ ಬಿಡುವಂತಿಲ್ಲ. ಹಾಸದ ಫರಸಿಯನ್ನು ಮಾರಬಹುದು. ಹದಿನೇಳಕ್ಕೆ ಕೊಂಡದ್ದಕ್ಕೆ ಕಲ್ಲಿನ ಮಂಡಿಯವನು ಒಂಬತ್ತು ಕೊಟ್ಟ. ಮೂಲೆ ಒಡೆದಿವೆ ಎಂದ, ಬಂಡಿ ಬಾಡಿಗೆ ಹಿಡಿದುಕೊಂಡ. ಇನ್ನೂ ಎಂಟು ಬೇಕು.

ಯಾದಿಯಲ್ಲಿ ಎಂಟರ ಸಾಲು ಒಂದೇ ಇತ್ತು. ನಾನು ಅದರ ಮೇಲೆ ಬೆರಳಿಟ್ಟೆ. ಕಾಕಾ ಬೇರೆ ಕಡೆ ನೋಡುತ್ತಿದ್ದರು.

"ಅಡಗಿಮನಿದು ತಗದಬಿಡ್ರಿ," ಎಂದಳು ಹೆಂಡತಿ. ಅವಳು ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ.

"ಮುಂದಿನ ವರ್ಷ..." ಎಂದು ನಾನು ಆರಂಭಿಸಿದೆ.

"ಮುಂದಿನ ವರ್ಷ ಕಂತು ಐತಿ. ಹೇಳಬ್ಯಾಡ್ರಿ ಹಂಗ." ಸಿಟ್ಟಿನಲ್ಲಿ ಅಂದದ್ದಲ್ಲ. ಸಿಟ್ಟಿನಲ್ಲಿ ಅಂದಿದ್ದರೆ ಚೆನ್ನಾಗಿತ್ತು. ಮತ್ತೆ ಅಂದಳು: "ಫರಸಿಗೆ ದುಡ್ಡು ತಗದಾಗ ನನಗೊಂದು ಮಾತು ಕೇಳಿದ್ರ ಬ್ಯಾಡ ಅಂತಿದ್ನೋ ಇಲ್ಲೋ ಗೊತ್ತಿಲ್ಲ. ಕೇಳಬೇಕಾಗಿತ್ತು."

ಹೌದು ಎಂದೆ. ಫರಸಿಯಲ್ಲಿ ಕಳೆದುಕೊಂಡದ್ದು ಎಂಟು. ಅವಳ ಕಿಟಕಿ ಎಂಟು. ಆ ಎರಡು ಅಂಕಿ ಹಲಗೆಯ ಮೇಲೆ ಒಂದರ ಕೆಳಗೊಂದು ಇದ್ದವು. ಅಳಿಸಿಬಿಟ್ಟೆ.

ಆರು ಬಂಡಿ ಕಲ್ಲನ್ನು ಆ ಗುಂಡಿ ನುಂಗಿತು. ಆಳು ಕಡಿಮೆಯಾದರೆ ಕೂಲಿ ಉಳಿಯುತ್ತದೆಂದು ನಾನೂ ಕಲ್ಲು ಹೊತ್ತೆ. ಕಾಕಾ ತಮ್ಮ ಕೊನೆಯ ಎರಡು ದಿನದ ಕೂಲಿ ಬಿಟ್ಟುಕೊಡಲು ಬಂದರು, ಅವ್ವ ಒಪ್ಪಲಿಲ್ಲ. "ನಿಮ್ಮ ಮಾತು ಕೇಳದ್ದು ನಮ್ಮ ತಪ್ಪು. ಅದರ ದಂಡ ನೀವ್ಯಾಕ ಕೊಡ್ತೀರಿ?" ಎಂದು ಅವರ ಕೈಗೆ ಲೆಕ್ಕದಂತೆ ಎಣಿಸಿಹಾಕಿದಳು. ಅವರು ದುಡ್ಡನ್ನು ಹಣೆಗೆ ಮುಟ್ಟಿಸಿ, ಪಂಜೆಯ ಗಂಟಿಗೆ ಸಿಕ್ಕಿಸಿ, ಗುಡೂರಿನ ದಾರಿ ಹಿಡಿದರು.

ಮಳೆ ಬಂದದ್ದು ಮಾಳಿಗೆಯ ಮಣ್ಣು ಬಡಿದು ಮುಗಿಸಿದ ಆರನೆಯ ದಿನ. ಮುಂಜಾನೆಯೇ ಆರಂಭವಾಗಿ ಮಧ್ಯಾಹ್ನದ ತನಕ ಹೊಯ್ಯಿತು. ನಾವೆಲ್ಲ ಕೋಣೆಯಲ್ಲಿ ಮೇಲೆ ನೋಡುತ್ತ ನಿಂತಿದ್ದೆವು. ಈಶಾನ್ಯದ ಮೂಲೆಯಲ್ಲಿ ಒಂದು ಕಡೆ ಗೋಡೆ ಒದ್ದೆಯಾಯಿತು, ತೊಟ್ಟಿಕ್ಕಲಿಲ್ಲ. ಯಾರೂ ಸಂತೋಷಪಡಲಿಲ್ಲ. ಅವ್ವ ಒಂದು ಮೂಲೆಯಲ್ಲಿ ಚಾಪೆ ಹಾಸಿ ಮಲಗಿಬಿಟ್ಟಳು.

ತಮ್ಮನ ಹೆಂಡತಿ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದಳು. ಒಯ್ದ ಮೂವತ್ತು ಸಾಲದೆ ಮತ್ತೆ ಹತ್ತು ಕಳಿಸಿದೆ. ಬದುಕಿದಳು. ಶ್ರಾವಣದಲ್ಲಿ ಮಗುವನ್ನೆತ್ತಿಕೊಂಡು ಬಂದಾಗ ಗುರುತು ಸಿಗದಷ್ಟು ಬಡಕಲಾಗಿದ್ದಳು, ಕೂದಲು ಉದುರಿತ್ತು. ಮತ್ತೆ ಮೊದಲಿನಂತೆ ದುಡಿಯಲು ವರ್ಷ ಹಿಡಿಯಿತು. ಆ ನಲವತ್ತು ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೆಂದು ತಮ್ಮ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಅಂದಿನಿಂದ ಸೀರೆಯ ಮಜೂರಿ ಬಂದ ದಿನ ಮಾತ್ರ ದುಡ್ಡನ್ನು ನನ್ನ ಕೈಗೆ ಕೊಡುವುದನ್ನು ಬಿಟ್ಟು ಅತ್ತಿಗೆಯ ಕೈಗೆ ಕೊಡತೊಡಗಿದ. ನಾನೂ ಪಗಾರ ಹಾಗೆಯೇ ಮಾಡಿದೆ.

ಸಾಲ ಎರಡು ವರ್ಷಕ್ಕೆ ತೀರಲಿಲ್ಲ. ಎರಡು ಕಂತು ತಪ್ಪಿದವು. ಒಮ್ಮೆ ಕಾರ್ಯದರ್ಶಿಯ ಮುಂದೆ ನಿಂತು ಸಮಯ ಕೇಳಿದೆ; ಇನ್ನೊಮ್ಮೆ ಜಾಮೀನು ನಿಂತ ಹೆಡ್ ಮಾಸ್ತರರು ನನಗೆ ತಿಳಿಸದೆಯೇ ಕಟ್ಟಿ, ಆಮೇಲೆ ಆಣೆ ಆಣೆಯಾಗಿ ಹಿಂದಕ್ಕೆ ತೆಗೆದುಕೊಂಡರು. ಇಪ್ಪತ್ತಾರು ತಿಂಗಳಾಯಿತು. ಪೋಸ್ಟಿನ ಪುಸ್ತಕ ಮತ್ತೆ ನೂರಾ ಎಂಬತ್ತಕ್ಕೆ ಬರಲು ಹನ್ನೊಂದು ವರ್ಷ ಬೇಕಾಯಿತು. ಅಡುಗೆಮನೆಯ ಕಿಟಕಿಯನ್ನು ಆರನೆಯ ವರ್ಷ ಇಡಿಸಿದೆವು. ಆ ಹೊತ್ತಿಗೆ ಹೊಗೆಗೆ ಅವಳ ಕಣ್ಣು ಮಂಜಾಗಲು ಆರಂಭವಾಗಿತ್ತು.

ಕೊನೆಯ ಕಂತು ಕಟ್ಟಿದ ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾರ್ಯದರ್ಶಿ ನನ್ನ ಖಾತೆಯ ಮೇಲೆ ಅಡ್ಡಗೆರೆ ಎಳೆದು, "ಹಗುರಾತೇನ್ರಿ ಮಾಸ್ತರ್ರ?" ಎಂದು ಕೇಳಿದರು. ಹೌದೆಂದೆ. ಹಗುರ ಅನ್ನಿಸಿರಲಿಲ್ಲ, ನಿದ್ದೆ ಬಂದಿತ್ತು. ಹೊರಗೆ ಸಾಲೆಯ ಗಂಟೆ ಹೊಡೆಯುತ್ತಿತ್ತು. ಆ ದಿನ ಮೂರನೆಯ ಇಯತ್ತೆಗೆ ಬಡ್ಡಿಯ ಲೆಕ್ಕ ಹೇಳಿಕೊಡುವುದಿತ್ತು. ರಸೀತಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದೆ.